ರಿವ್ಯೂ ನೋಟ್‌ಗೆ ‘ಡನ್’ ಅಂತ ಬರೆದರೆ ಸಾಲದಾ?

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯ ಒಂದು ಸಿಎ ಆಫೀಸಿನಲ್ಲಿ ಆರ್ಟಿಕಲ್, ಎರಡನೇ ವರ್ಷ. ಡೆಟರ್ಸ್ ಕನ್ಫರ್ಮೇಶನ್, ಅಂದರೆ ದುಡ್ಡು ಕೊಡಬೇಕಾದ ಗ್ರಾಹಕರಿಗೆ ಪತ್ರ ಬರೆದು ಬಾಕಿ ಖಚಿತ ಮಾಡಿಕೊಳ್ಳುವ ಕೆಲಸ ಪೂರ್ತಿ ಮಾಡಿ ಫೈಲ್ ಕೊಟ್ಟೆ. 14 ರಿವ್ಯೂ ನೋಟ್ ಜತೆ ವಾಪಸ್ ಬಂತು. ಮಾಡಿದ ಕೆಲಸ ಎಲ್ಲ ನನಗೆ ಗೊತ್ತು, ಕೇಳಿದರೆ ಹೇಳುತ್ತೇನೆ. ವರ್ಕಿಂಗ್ ಪೇಪರ್‌ನಲ್ಲಿ ಅಸಲಿಗೆ ಏನೇನು ಇರಬೇಕು? ರಿವ್ಯೂ ಮಾಡುವವರು ಯಾವಾಗ ಸಹಿ ಹಾಕುತ್ತಾರೆ? ನೋಟ್‌ಗೆ ‘ಡನ್’ ಅಂತ ಬರೆದರೆ ಸಾಲದಾ? ಒಂದು ನೋಟ್ ಅಂತೂ ನನಗೆ ತಪ್ಪು ಅನಿಸುತ್ತದೆ. ಉತ್ತರ ಬಾರದ ಪಾರ್ಟಿಗಳಿಗೆ ಮತ್ತೆ ಪತ್ರ ಕಳಿಸಿ ಅಂದಿದ್ದಾರೆ. ಅವರೆಲ್ಲ ದುಡ್ಡು ಕೊಟ್ಟಾಗಿದೆ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೇ ನೋಡಿದ್ದೇನೆ.

ಉತ್ತರ: ‘ಡನ್’ ಸಾಲದು. ಕಾರಣ ನಿಮ್ಮ ಪತ್ರದಲ್ಲೇ ಇದೆ: “ಕೇಳಿದರೆ ಹೇಳುತ್ತೇನೆ” ಅಂದಿದ್ದೀರಿ. ವರ್ಕಿಂಗ್ ಪೇಪರ್ ಬರೆಯುವುದು ನಿಮ್ಮನ್ನು ಕೇಳಲು ಆಗದವರಿಗಾಗಿ.

ಆಡಿಟ್ ದಾಖಲೆಗೆ ನಮ್ಮ ಇನ್‌ಸ್ಟಿಟ್ಯೂಟ್ ಕೊಟ್ಟಿರುವ ಸ್ಟ್ಯಾಂಡರ್ಡ್ ಎಸ್‌ಎ 230. ಅದು ಇಡುವ ಪರೀಕ್ಷೆ ಒಂದೇ. ಆಡಿಟ್ ಕೆಲಸ ಬಲ್ಲ, ಆದರೆ ಈ ಆಡಿಟ್‌ಗೆ ಹಿಂದೆ ಯಾವ ಸಂಬಂಧವೂ ಇಲ್ಲದ ಒಬ್ಬರು ಫೈಲ್ ತೆರೆದರು ಅಂತಿಟ್ಟುಕೊಳ್ಳಿ. ಏನು ಮಾಡಿದಿರಿ, ಯಾವಾಗ, ಎಷ್ಟು ಮಾಡಿದಿರಿ, ಏನು ಸಿಕ್ಕಿತು, ಅದರಿಂದ ಯಾವ ತೀರ್ಮಾನಕ್ಕೆ ಬಂದಿರಿ ಅನ್ನುವುದು ಅವರಿಗೆ ಪೇಪರ್ ಓದಿಯೇ ತಿಳಿಯಬೇಕು. ನೀವು ಪಕ್ಕದಲ್ಲಿ ನಿಂತು ವಿವರಿಸಿದರೆ ಬರೆದದ್ದು ಇನ್ನಷ್ಟು ಸ್ಪಷ್ಟವಾಗಬಹುದು, ಅಷ್ಟೆ. ಬರೆಯದೇ ಇದ್ದದ್ದಕ್ಕೆ ನಿಮ್ಮ ಮಾತು ಮಾತ್ರವೇ ಆಧಾರವಾಗುವುದಿಲ್ಲ. ಇದನ್ನೂ ಆ ಸ್ಟ್ಯಾಂಡರ್ಡೇ ಹೇಳುತ್ತದೆ.

ನಾನು ಆರ್ಟಿಕಲ್ ಆಗಿದ್ದಾಗ ಇದನ್ನು ಕಲಿತದ್ದು ಹಸಿರು ಪೆನ್ನಿನಿಂದ. ಒಂದು ಕಂಪನಿಯ ಖರ್ಚಿನ ಪಟ್ಟಿಯಲ್ಲಿ ಸಾಲಾಗಿ ಹಸಿರು ಟಿಕ್ ಹಾಕಿದ್ದೆ. ಕೆಲವು ಕಡೆ ಒಂದು ಟಿಕ್, ಕೆಲವು ಕಡೆ ಎರಡು. ಮುಂದಿನ ವರ್ಷ ಪೀರ್ ರಿವ್ಯೂಗೆ, ಅಂದರೆ ನಮ್ಮ ಆಫೀಸಿನ ಕೆಲಸ ಪರೀಕ್ಷಿಸಲು ಹೊರಗಿನಿಂದ ಬಂದ ಸಿಎ, ಎರಡು ಟಿಕ್ ಅಂದರೇನು ಅಂತ ಕೇಳಿದರು. ನಾನು ಅಲ್ಲೇ ಕೂತಿದ್ದೆ. ನನಗೇ ನೆನಪಿರಲಿಲ್ಲ. ಬಿಲ್ ನೋಡಿದ್ದಾ, ಮಂಜೂರಾತಿ ನೋಡಿದ್ದಾ, ಟಿಡಿಎಸ್ ನೋಡಿದ್ದಾ? ಕೆಲಸ ಮಾಡಿದ್ದು ನಿಜ. ಆದರೆ ಫೈಲ್ ಮಟ್ಟಿಗೆ ಆ ಕೆಲಸ ಆಗಿರಲೇ ಇಲ್ಲ.

ನಿಮ್ಮ ಕೆಲಸವೂ ಡೆಟರ್ಸ್ ಆದ್ದರಿಂದ ಡೆಟರ್ಸ್ ಫೈಲ್ ಒಂದನ್ನೇ ಹಿಡಿದು ಹೇಳುತ್ತೇನೆ. ಬೆಳಗಾವಿ ಕಡೆಯ ಒಂದು ಫೌಂಡ್ರಿ, ಪ್ರೈವೇಟ್ ಲಿಮಿಟೆಡ್ ಕಂಪನಿ, ಕಬ್ಬಿಣದ ಎರಕದ ಭಾಗಗಳನ್ನು ಮಾಡುತ್ತದೆ. ಗುರುತು ಸಿಗದಂತೆ ಅಂಕಿಗಳನ್ನು ಬದಲಿಸಿದ್ದೇನೆ. 2025ರ ಮಾರ್ಚ್ 31ಕ್ಕೆ 212 ಗ್ರಾಹಕರಿಂದ ಬರಬೇಕಾದದ್ದು 8.40 ಕೋಟಿ. ಇಡೀ ಆಡಿಟ್‌ಗೆ ಇಟ್ಟುಕೊಂಡ ಮೆಟೀರಿಯಾಲಿಟಿ, ಅಂದರೆ ಲೆಕ್ಕ ಓದುವವರ ನಿರ್ಧಾರ ಬದಲಿಸಬಲ್ಲ ತಪ್ಪಿನ ಮಿತಿ, 30 ಲಕ್ಷ, ಕೆಲಸಕ್ಕೆ ಬಳಸುವ ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿ 22.5 ಲಕ್ಷ. 1.5 ಲಕ್ಷಕ್ಕಿಂತ ಕಡಿಮೆಯ ತಪ್ಪನ್ನು ಪಟ್ಟಿಗೆ ಸೇರಿಸುವುದಿಲ್ಲ ಅಂತ ಪ್ಲಾನಿಂಗ್‌ನಲ್ಲೇ ಬರೆದಿತ್ತು.

ಆರ್ಟಿಕಲ್ ಕೊಟ್ಟ ಮೊದಲ ಪೇಪರ್ ಹೇಗಿತ್ತು ಗೊತ್ತಾ? ಮೇಲೆ ಕಂಪನಿ ಹೆಸರು. ಕೆಳಗೆ 25 ಗ್ರಾಹಕರ ಪಟ್ಟಿ, ಪುಸ್ತಕದ ಬಾಕಿ, ಅವರು ಹೇಳಿದ ಬಾಕಿ, ವ್ಯತ್ಯಾಸ. ಕೊನೆಯಲ್ಲಿ “ಡೆಟರ್ಸ್ ಪರಿಶೀಲಿಸಲಾಗಿದೆ, ಸರಿಯಾಗಿದೆ”. ಅದರ ಹಿಂದೆ ಟ್ಯಾಲಿಯಿಂದ ತೆಗೆದ 60 ಪುಟ ಲೆಡ್ಜರ್. ನೋಡಲು ದಪ್ಪ ಫೈಲು. ಹುಡುಗ ಕೆಲಸವನ್ನೂ ಚೆನ್ನಾಗಿಯೇ ಮಾಡಿದ್ದ. ಆದರೆ ಹೊರಗಿನವರೊಬ್ಬರು ಓದಿದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ: 212ರಲ್ಲಿ ಈ 25 ಯಾಕೆ?

ಹಾಗಾಗಿ ಪೇಪರ್ ಶುರುವಾಗಬೇಕಾದದ್ದು ಅದಕ್ಕಿಂತ ಹಿಂದಿನಿಂದ. ಮೊದಲ ಸಾಲು, ಈ ಪೇಪರ್ ಏನನ್ನು ಸಾಬೀತು ಮಾಡಲು ಹೊರಟಿದೆ ಅನ್ನುವುದು. ಕನ್ಫರ್ಮೇಶನ್ ಪತ್ರ ಮುಖ್ಯವಾಗಿ ಹೇಳುವುದು ಆ ಬಾಕಿ ನಿಜವಾಗಿ ಇದೆ ಅನ್ನುವುದನ್ನು. ದುಡ್ಡು ವಸೂಲಾಗುತ್ತದೆ ಅಂತ ಅದು ಹೇಳುವುದಿಲ್ಲ. ‘ಹೌದು, ಕೊಡಬೇಕು’ ಅಂತ ಸಹಿ ಹಾಕಿದ ಗ್ರಾಹಕ ಮರುದಿನವೇ ಬಾಗಿಲು ಹಾಕಬಹುದು. ವಸೂಲಿಗೆ ಬೇರೆ ಪೇಪರ್ ಬೇಕು, ಬಾಕಿ ಎಷ್ಟು ಹಳೆಯದು ಅನ್ನುವ ಲೆಕ್ಕ ಬೇಕು. ಉದ್ದೇಶ ಬರೆಯದಿದ್ದರೆ ಕೊನೆಯಲ್ಲಿ “ಡೆಟರ್ಸ್ ಸರಿಯಾಗಿದೆ” ಅಂತ ಕೈಮೀರಿದ ಮಾತು ಬಂದುಬಿಡುತ್ತದೆ.

ಆಮೇಲೆ ಪಟ್ಟಿ ಎಲ್ಲಿಂದ ಬಂತು, ಅದರ ಮೊತ್ತ ಟ್ರಯಲ್ ಬ್ಯಾಲೆನ್ಸ್‌ಗೆ ಕೂಡುತ್ತದಾ ಅನ್ನುವುದು. ನಂತರ ಆಯ್ಕೆ. ಎರಡನೇ ಸಲ ಅವನು ಹೀಗೆ ಬರೆದ: 22.5 ಲಕ್ಷಕ್ಕಿಂತ ಜಾಸ್ತಿ ಬಾಕಿ ಇರುವವರು 9 ಜನ, ಮೊತ್ತ 4.62 ಕೋಟಿ, ಎಲ್ಲರಿಗೂ ಪತ್ರ. ಉಳಿದ 203 ಜನರ ಬಾಕಿ 3.78 ಕೋಟಿ, ಅದರಿಂದ ಸ್ಯಾಂಪಲ್ 16. ಪಟ್ಟಿಯಲ್ಲಿ 7ನೆಯದರಿಂದ ಶುರು ಮಾಡಿ ಪ್ರತಿ 13ನೆಯದನ್ನು ತೆಗೆದದ್ದು. 16 ಯಾಕೆ ಅನ್ನುವುದಕ್ಕೆ ಪ್ಲಾನಿಂಗ್ ಪೇಪರ್‌ನ ನಂಬರ್ ಕೊಟ್ಟ. ಇಷ್ಟೇ ನೋಡಿ, ನಾಲ್ಕು ಸಾಲು. ಈಗ ಯಾರು ಬೇಕಾದರೂ ಅದೇ ಪಟ್ಟಿ ತೆಗೆದು ಅದೇ 25 ಹೆಸರಿಗೆ ಬಂದು ನಿಲ್ಲಬಹುದು.

ಇನ್ನು ಆ 60 ಪುಟ. ಅದರ ಅಗತ್ಯ ಇರಲಿಲ್ಲ. ಕ್ಲೈಂಟ್‌ನ ಪುಸ್ತಕವನ್ನು ನಮ್ಮ ಫೈಲಿಗೆ ನಕಲು ಮಾಡಿದ ಮಾತ್ರಕ್ಕೆ ಅದು ಆಡಿಟ್ ಸಾಕ್ಷ್ಯ ಆಗುವುದಿಲ್ಲ. ನೀವು ನೋಡಿದ ವಸ್ತುವನ್ನು ಮತ್ತೆ ಹುಡುಕಿ ತೆಗೆಯಲು ಆಗುವ ಗುರುತು ಬೇಕು. ಇನ್‌ವಾಯ್ಸ್ ನಂಬರ್ ಮತ್ತು ದಿನಾಂಕ, ಲಾರಿ ರಸೀದಿಯ ನಂಬರ್, ಬ್ಯಾಂಕ್ ಸ್ಟೇಟ್‌ಮೆಂಟ್‌ನ ದಿನಾಂಕ ಮತ್ತು ಮೊತ್ತ, ಇಷ್ಟಿದ್ದರೆ ಸಾಕು. ಗ್ರಾಹಕ ಕಳಿಸಿದ ಉತ್ತರ, ಒಪ್ಪಂದದ ಮುಖ್ಯ ಪುಟ, ಇಂಥವನ್ನು ಇಡಿ. ಆದರೆ ಗೀಚಿ ಬರೆದ ಕರಡು, ತಪ್ಪು ತಿದ್ದುವ ಮೊದಲಿನ ಪ್ರತಿ, ಒಂದೇ ಕಾಗದದ ಎರಡು ನಕಲು ಫೈಲಿನಲ್ಲಿ ಇರಬೇಕಾಗಿಲ್ಲ. ದಪ್ಪ ಫೈಲಿನ ತೊಂದರೆ ಏನೆಂದರೆ ಮುಖ್ಯವಾದದ್ದು ಅದರಲ್ಲಿ ಹೂತುಹೋಗುತ್ತದೆ. ಈ ಫೈಲಿನಲ್ಲೂ ಹಾಗೇ ಆಗಿತ್ತು.

25 ಪತ್ರ ಹೋದವು. 17 ಉತ್ತರ ಬಂದವು. 14 ಸರಿಹೊಂದಿದವು, 3ರಲ್ಲಿ ವ್ಯತ್ಯಾಸ. 8 ಜನರದ್ದು ಉತ್ತರವೇ ಇಲ್ಲ. ವ್ಯತ್ಯಾಸದ ಮೂರರಲ್ಲಿ ಎರಡು ಚಿಕ್ಕವು. ಮೂರನೆಯದು ಪುಣೆಯ ಒಬ್ಬ ದೊಡ್ಡ ಗ್ರಾಹಕನದು. ಪುಸ್ತಕದಲ್ಲಿ 38.60 ಲಕ್ಷ, ಅವರು ಒಪ್ಪಿದ್ದು 31.40 ಲಕ್ಷ. ವ್ಯತ್ಯಾಸ 7.20 ಲಕ್ಷ. ಅದರ ಎದುರು ಆರ್ಟಿಕಲ್ ಬರೆದದ್ದು: “ಟೈಮಿಂಗ್ ಡಿಫರೆನ್ಸ್. ಅಕೌಂಟೆಂಟ್ ಜತೆ ಮಾತಾಡಿದೆ. ಓಕೆ.”

ಇಲ್ಲಿ ರಿವ್ಯೂ ನೋಟ್ ಹುಟ್ಟುತ್ತದೆ. ಕೆಲವು ಮ್ಯಾನೇಜರ್‌ಗಳು ಇದಕ್ಕೆ “ವ್ಯತ್ಯಾಸ ಚೆಕ್ ಮಾಡಿ” ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಹಾಗೆ ಬರೆದ ನೋಟ್‌ಗೆ “ಚೆಕ್ ಮಾಡಿದೆ” ಅನ್ನುವ ಉತ್ತರವೇ ಬರುತ್ತದೆ, ಬರಬೇಕಾದದ್ದೂ ಅದೇ. ಅದಕ್ಕೆ ಆರ್ಟಿಕಲ್‌ನನ್ನು ದೂರಿ ಪ್ರಯೋಜನವಿಲ್ಲ. ಈ ಫೈಲಿನ ಮ್ಯಾನೇಜರ್ ಬರೆದದ್ದು ಹೀಗೆ:

“ನೋಟ್ 5. ಪೇಪರ್ ಡಿ-3, ಸಾಲು 4. ಪುಣೆ ಗ್ರಾಹಕನ 7.20 ಲಕ್ಷದ ವ್ಯತ್ಯಾಸ ಯಾವ ಯಾವ ಇನ್‌ವಾಯ್ಸ್‌ಗಳದು? ಪ್ರತಿಯೊಂದಕ್ಕೂ ಗೇಟ್ ರಿಜಿಸ್ಟರ್ ಮತ್ತು ಲಾರಿ ರಸೀದಿಯ ದಿನಾಂಕ ನೋಡಿ. ಆರ್ಡರ್‌ನಲ್ಲಿ ಡೆಲಿವರಿ ಷರತ್ತು ಏನಿದೆ ನೋಡಿ. ಮಾಲು ಮಾರ್ಚ್ 31ರ ನಂತರ ಹೊರಟಿದ್ದರೆ ಸೇಲ್ಸ್ ಕಟ್-ಆಫ್ ಪೇಪರ್ ಎಫ್-2 ಮತ್ತು ಸ್ಟಾಕ್ ಪೇಪರ್ ಇ-4ರ ಮೇಲೆ ಏನು ಪರಿಣಾಮ ಬರೆಯಿರಿ. ಅಕೌಂಟೆಂಟ್ ಜತೆ ಮಾತಾಡಿದ್ದು ಯಾವಾಗ, ಅವರು ಹೇಳಿದ್ದೇನು?”

ಕಟ್-ಆಫ್ ಅಂದರೆ ಸೇಲ್ಸ್ ಯಾವ ವರ್ಷಕ್ಕೆ ಸೇರಬೇಕು ಅನ್ನುವ ಗೆರೆ. ಯಾವ ಪೇಪರ್, ಯಾವ ಸಾಲು, ಏನು ಕಂಡಿತು, ಏನು ಮಾಡಬೇಕು ಅನ್ನುವುದೆಲ್ಲ ಇದರಲ್ಲಿದೆ. ಉತ್ತರ ಕೊಡಬೇಕಾದವರ ಹೆಸರು, ಬರೆದವರ ಇನಿಷಿಯಲ್, ದಿನಾಂಕ ಪಕ್ಕದ ಕಾಲಂನಲ್ಲಿ ಇರುತ್ತವೆ. ಮ್ಯಾನೇಜರ್ ಉತ್ತರವನ್ನು ತಾನೇ ಊಹಿಸಿ ಬರೆದಿಲ್ಲ ಅನ್ನುವುದನ್ನೂ ಗಮನಿಸಿ. “ಇದು ಕಟ್-ಆಫ್ ತಪ್ಪು, ಸರಿಮಾಡಿ” ಅಂದಿದ್ದರೆ ಆರ್ಟಿಕಲ್ ಆ ತೀರ್ಮಾನಕ್ಕೆ ತಕ್ಕ ಕಾಗದ ಹುಡುಕಿ ತರುತ್ತಿದ್ದ.

ಹುಡುಗ ಮತ್ತೆ ಫ್ಯಾಕ್ಟರಿಗೆ ಹೋದ. ವ್ಯತ್ಯಾಸ ಎರಡು ಇನ್‌ವಾಯ್ಸ್‌ಗಳದು. ಮೊದಲನೆಯದು 3.66 ಲಕ್ಷದ್ದು, ಮಾರ್ಚ್ 29ರದು. ಲಾರಿ ಅದೇ ದಿನ ಗೇಟ್ ದಾಟಿದೆ, ಪುಣೆಯವರು ಮಾಲು ಒಳಗೆ ತಗೊಂಡದ್ದು ಏಪ್ರಿಲ್ 2ಕ್ಕೆ. ಆರ್ಡರ್‌ನ ಪ್ರಕಾರ ಮಾಲು ಫ್ಯಾಕ್ಟರಿಯಲ್ಲಿ ಲಾರಿಗೆ ಹೇರಿದ ಕ್ಷಣವೇ ಗ್ರಾಹಕನದು. ಅಂದರೆ ಸೇಲ್ಸ್ ಸರಿ, ಡೆಟರ್ಸ್ ಸರಿ. ಇದು ನಿಜವಾದ ಟೈಮಿಂಗ್ ವ್ಯತ್ಯಾಸ.

ಎರಡನೆಯದು 3.54 ಲಕ್ಷದ್ದು, ಮಾರ್ಚ್ 31ರದು. ಆದರೆ ಗೇಟ್ ರಿಜಿಸ್ಟರ್‌ನಲ್ಲಿ ಆ ಲಾರಿ ಹೊರಟದ್ದು ಏಪ್ರಿಲ್ 3ಕ್ಕೆ. ಆ ವರ್ಷ ಮಾರ್ಚ್ 30 ಭಾನುವಾರ ಯುಗಾದಿ, ಮರುದಿನ ರಂಜಾನ್. ಲಾರಿ ಸಿಕ್ಕಿರಲಿಲ್ಲ. ವರ್ಷದ ಸೇಲ್ಸ್‌ನಲ್ಲಿ ಬರಲಿ ಅಂತ ಬಿಲ್ ಮಾತ್ರ ಹರಿದಿದ್ದರು. ಮಾಲು ಅಂಗಳದಲ್ಲೇ ಇತ್ತು. ಇದು ಟೈಮಿಂಗ್ ಅಲ್ಲ, ತಪ್ಪು. 18% ಜಿಎಸ್‌ಟಿ ಬಿಟ್ಟರೆ ಸೇಲ್ಸ್ 3 ಲಕ್ಷ ಜಾಸ್ತಿ ತೋರಿಸಿದೆ.

ಹಾಗಾದರೆ ಮಾಲು ಸ್ಟಾಕಿನಲ್ಲಿ ಎಣಿಕೆಗೆ ಬಂದಿತ್ತಾ? ನೋಟ್‌ನಲ್ಲಿ ಇ-4 ಅಂತ ಬರೆದದ್ದು ಇದಕ್ಕೇ. ಎಣಿಸಿದ್ದರೆ ಅದೇ ಮಾಲು ಸೇಲ್ಸ್‌ನಲ್ಲೂ ಇದೆ, ಸ್ಟಾಕಿನಲ್ಲೂ ಇದೆ, ಲಾಭ ಪೂರ್ತಿ 3 ಲಕ್ಷ ಉಬ್ಬಿರುತ್ತದೆ. ಇಲ್ಲಿ ಎಣಿಕೆ ಮಾಡುವಾಗ ಆ ರಾಶಿಯ ಮೇಲೆ ‘ಮಾರಾಟವಾಗಿದೆ’ ಅಂತ ಚೀಟಿ ಅಂಟಿಸಿ ಬಿಟ್ಟುಬಿಟ್ಟಿದ್ದರು. ಎಣಿಕೆ ಹಾಳೆಯ ಟಿಪ್ಪಣಿಯಲ್ಲಿ ಅದು ಇತ್ತು. ಹಾಗಾಗಿ 2.30 ಲಕ್ಷದ ಸ್ಟಾಕ್ ಸೇರಿಸಬೇಕು, ಲಾಭದ ತಪ್ಪು 70 ಸಾವಿರ ಮಾತ್ರ. ಕಟ್ಟಿದ ಜಿಎಸ್‌ಟಿಯ ಮಾತು ತೆರಿಗೆ ಪೇಪರ್‌ಗೆ ಹೋಯಿತು, ಅದು ಇಲ್ಲಿ ಬೇಡ.

70 ಸಾವಿರ ತಾನೇ, ಬಿಡಿ ಅನ್ನಬಹುದಾ? ಮೊತ್ತ ಚಿಕ್ಕದು, ಕಾರಣ ಚಿಕ್ಕದಲ್ಲ. ಮಾಲು ಹೊರಡುವ ಮೊದಲೇ ಬಿಲ್ ಹರಿಯುವ ಅಭ್ಯಾಸ ಒಂದೇ ಗ್ರಾಹಕನಿಗೆ ನಿಲ್ಲುವುದಿಲ್ಲ. ಹಾಗಾಗಿ ಮಾರ್ಚ್ ಕೊನೆಯ 30 ಇನ್‌ವಾಯ್ಸ್‌ಗಳನ್ನು ಗೇಟ್ ರಿಜಿಸ್ಟರ್ ಜತೆ ಒಂದೊಂದಾಗಿ ನೋಡಿದರು. ಇನ್ನೂ ಎರಡು ಸಿಕ್ಕವು, ಜಿಎಸ್‌ಟಿ ಬಿಟ್ಟು 5 ಲಕ್ಷ. ಒಟ್ಟು ಸೇಲ್ಸ್ 8 ಲಕ್ಷ ಜಾಸ್ತಿ, ಸ್ಟಾಕ್ 6.10 ಲಕ್ಷ ಕಡಿಮೆ, ಲಾಭ 1.90 ಲಕ್ಷ ಜಾಸ್ತಿ. ತಪ್ಪುಗಳ ಪಟ್ಟಿಗೆ ಹೋಯಿತು, ಕಂಪನಿಯವರು ಪುಸ್ತಕದಲ್ಲಿ ಸರಿಮಾಡಿದರು.

ಈಗ ನಿಮ್ಮ ‘ಡನ್’ಗೆ ಬರೋಣ. ಇಷ್ಟೆಲ್ಲ ಕೆಲಸ ಆದ ಮೇಲೆ ಆ ಹುಡುಗ ಉತ್ತರವನ್ನು ಬರೆದದ್ದು ನೋಟ್‌ನಲ್ಲಿ! ಒಂದೂವರೆ ಪುಟ, ಚೆನ್ನಾಗಿಯೇ ಬರೆದಿದ್ದ. ಡಿ-3ರಲ್ಲಿ ಮಾತ್ರ ಇನ್ನೂ “ಟೈಮಿಂಗ್ ಡಿಫರೆನ್ಸ್, ಓಕೆ” ಅಂತಲೇ ಇತ್ತು. ಇದು ನಾನು ಅತಿ ಹೆಚ್ಚು ಕಾಣುವ ತಪ್ಪು. ರಿವ್ಯೂ ನೋಟ್ ಮನೆ ಕಟ್ಟುವಾಗಿನ ಸಾರುವೆ ಇದ್ದಂತೆ. ತುಂಬಾ ಆಫೀಸುಗಳಲ್ಲಿ ನೋಟ್ ಮುಗಿದ ಮೇಲೆ ಫೈಲಿನಿಂದ ತೆಗೆದುಬಿಡುತ್ತಾರೆ, ಕೆಲವರು ಇಟ್ಟುಕೊಳ್ಳುತ್ತಾರೆ. ಅದು ಆಯಾ ಫರ್ಮ್‌ನ ನಿಯಮ. ನೋಟ್ ಹಾಳೆ ಹೋದರೂ ಕೆಲಸ ಪೇಪರ್‌ನಲ್ಲಿ ನಿಂತಿರಬೇಕು. ಆದ್ದರಿಂದ ಉತ್ತರ ಡಿ-3ರಲ್ಲಿ, ಎಫ್-2ರಲ್ಲಿ, ಇ-4ರಲ್ಲಿ ಇರಬೇಕು. ನೋಟ್‌ನಲ್ಲಿ ಒಂದೇ ಸಾಲು ಸಾಕು: “ಡಿ-3 ಸಾಲು 4 ತಿದ್ದಿದೆ, ಎಫ್-2ರಲ್ಲಿ ಹೊಸದಾಗಿ 30 ಇನ್‌ವಾಯ್ಸ್ ಪರೀಕ್ಷೆ, ತಪ್ಪುಗಳ ಪಟ್ಟಿಯಲ್ಲಿ ಸಾಲು 2 ನೋಡಿ.”

ಇನ್ನೊಂದು ವಿಷಯ. ನೋಟ್ ಮುಚ್ಚುವುದು ಅದನ್ನು ಬರೆದವರ ಕೆಲಸ. ನೀವು ಉತ್ತರ ಕೊಡಬಹುದು, ‘ಕ್ಲಿಯರ್’ ಅನ್ನುವ ಗುರುತು ಹಾಕಬಾರದು. ಮ್ಯಾನೇಜರ್ ಎತ್ತಿದ ನೋಟ್ ಅನ್ನು ಮ್ಯಾನೇಜರ್, ಪಾರ್ಟ್ನರ್ ಎತ್ತಿದ್ದನ್ನು ಪಾರ್ಟ್ನರ್. ಅವರು ತಿದ್ದಿದ ಪೇಪರ್ ತೆರೆದು ನೋಡಿ ಮುಚ್ಚಬೇಕು, ನಿಮ್ಮ ಒಂದು ಸಾಲು ಓದಿ ಅಲ್ಲ. ಸೆಪ್ಟೆಂಬರ್ ಗಡಿಬಿಡಿಯಲ್ಲಿ ಇದು ಎಲ್ಲ ಕಡೆ ತಪ್ಪುತ್ತದೆ. ಒಂದೇ ದಿನ, ಒಂದೇ ನಿಮಿಷದಲ್ಲಿ 14 ನೋಟ್ ಮುಚ್ಚಿದ್ದು ಸಾಫ್ಟ್‌ವೇರ್‌ನಲ್ಲಿ ಕಂಡರೆ ಯಾರೂ ಓದಿಲ್ಲ ಅಂತ ಹೊರಗಿನವರಿಗೆ ತಕ್ಷಣ ಗೊತ್ತಾಗುತ್ತದೆ.

ಅದೇ ಫೈಲಿನ ಇನ್ನೊಂದು ನೋಟ್ ನಿಮಗೂ ಉಪಯೋಗಕ್ಕೆ ಬರಬಹುದು. 17 ಉತ್ತರಗಳಲ್ಲಿ ಎರಡು ನಮ್ಮ ಆಫೀಸಿಗೆ ನೇರವಾಗಿ ಬಂದಿರಲಿಲ್ಲ. ಕಂಪನಿಯ ಅಕೌಂಟ್ಸ್ ಮ್ಯಾನೇಜರ್ ತಮ್ಮ ಇಮೇಲ್‌ನಿಂದ ಫಾರ್ವರ್ಡ್ ಮಾಡಿದ್ದರು. ಎಸ್‌ಎ 505ರ ಪ್ರಕಾರ ಪತ್ರ ಕಳಿಸುವುದು, ಉತ್ತರ ಪಡೆಯುವುದು ಎರಡೂ ಆಡಿಟರ್‌ನ ಹಿಡಿತದಲ್ಲಿ ಇರಬೇಕು. ನಡುವೆ ಕ್ಲೈಂಟ್‌ನ ಕೈ ಬಂದರೆ ಆ ಉತ್ತರದ ಬೆಲೆ ಇಳಿಯುತ್ತದೆ. ಪೇಪರ್‌ನಲ್ಲಿ ‘ಉತ್ತರ ಬಂದಿದೆ’ ಅಂತಷ್ಟೇ ಇದ್ದದ್ದರಿಂದ ಇದು ಕಾಣುತ್ತಲೇ ಇರಲಿಲ್ಲ. ಆಮೇಲೆ ಎರಡು ಕಾಲಂ ಸೇರಿಸಿದೆವು: ಪತ್ರ ಯಾರು ಯಾವ ದಿನ ಕಳಿಸಿದರು, ಉತ್ತರ ಯಾವ ಇಮೇಲ್‌ನಿಂದ ಯಾವ ದಿನ ಬಂತು. ಆ ಇಬ್ಬರಿಂದ ಉತ್ತರವನ್ನು ಮತ್ತೆ ನೇರವಾಗಿ ತರಿಸಿಕೊಂಡದ್ದೂ ದಾಖಲಾಯಿತು.

ಸಹಿಯ ವಿಷಯ. ಪೇಪರ್ ಮಾಡಿದವರು ಮೊದಲು ಸಹಿ ಮಾಡುತ್ತಾರೆ, ಕೆಲಸ ಮುಗಿದ ಮೇಲೆ, ಮುಗಿದ ದಿನಾಂಕದಲ್ಲಿ. ಅರ್ಧ ಮಾಡಿ ಸಹಿ ಹಾಕಿಟ್ಟು ಆಮೇಲೆ ತುಂಬುವುದು ಬೇಡ. ಆ ಸಹಿ ಹೇಳುವುದು ‘ನನ್ನ ಮಟ್ಟಿಗೆ ಇದು ಪೂರ್ತಿ, ತೀರ್ಮಾನ ನನ್ನದು’ ಅಂತ. ಆಮೇಲೆ ಮೊದಲ ಹಂತದ ರಿವ್ಯೂ. ನಮ್ಮಲ್ಲಿ ಮ್ಯಾನೇಜರ್ ಪ್ರತಿ ಪೇಪರ್ ನೋಡುತ್ತಾರೆ, ನೋಟ್ ಎಲ್ಲ ಮುಚ್ಚಿದ ಮೇಲೆಯೇ ಸಹಿ. ನೋಟ್ ಬಾಕಿ ಇರುವಾಗ ಸಹಿ ಬಿದ್ದಿದ್ದರೆ ಆ ಸಹಿಗೆ ಅರ್ಥವಿಲ್ಲ.

ಪಾರ್ಟ್ನರ್ ಎಲ್ಲ ಪೇಪರ್ ನೋಡಬೇಕಾಗಿಲ್ಲ. ಎಸ್‌ಎ 220 ಅವರಿಂದ ಕೇಳುವುದು ಮುಖ್ಯ ತೀರ್ಮಾನಗಳು, ದೊಡ್ಡ ರಿಸ್ಕ್ ಇರುವ ಜಾಗಗಳು, ಕಷ್ಟದ ಅಥವಾ ತಕರಾರಿನ ವಿಷಯಗಳನ್ನು. ಆದರೆ ಏನು ನೋಡಿದರು, ಯಾವಾಗ ನೋಡಿದರು ಅನ್ನುವುದು ದಾಖಲೆಯಲ್ಲಿ ಇರಬೇಕು. ಈ ಫೈಲಿನಲ್ಲಿ ಪಾರ್ಟ್ನರ್ ಡಿ-3ಕ್ಕೆ ಸಹಿ ಹಾಕಲಿಲ್ಲ. ಡೆಟರ್ಸ್‌ನ ಒಟ್ಟು ಚಿತ್ರ ಕೊಡುವ ಲೀಡ್ ಶೀಟ್, ಕಟ್-ಆಫ್ ಪೇಪರ್, ತಪ್ಪುಗಳ ಪಟ್ಟಿ ಮೂರಕ್ಕೆ ಹಾಕಿದರು. ಅದು ಸರಿಯೇ. ಪ್ರತಿ ಹಾಳೆಯಲ್ಲೂ ಪಾರ್ಟ್ನರ್ ಇನಿಷಿಯಲ್ ಇರುವ ಫೈಲ್ ನೋಡಿದರೆ ನನಗೆ ಅನುಮಾನವೇ ಜಾಸ್ತಿ.

ಮ್ಯಾನೇಜರ್ ಸಹಿ ಹಾಕಿದ ಮೇಲೆ ನೀವು ಪೇಪರ್‌ನಲ್ಲಿ ಒಂದು ಅಂಕಿ ಬದಲಿಸಿದರೂ ಅವರ ಸಹಿ ಹಳೆಯದಾಗುತ್ತದೆ. ಅವರಿಗೆ ಹೇಳಿ, ಅವರು ಮತ್ತೆ ನೋಡಿ ಹೊಸ ದಿನಾಂಕ ಹಾಕಬೇಕು. ಸುಮ್ನೆ ತಿದ್ದಿ ಕೂರುವುದು ಅಪಾಯ. ಒಮ್ಮೆ ಒಂದು ಫೈಲಿನಲ್ಲಿ ರಿವ್ಯೂ ದಿನಾಂಕ ಆಗಸ್ಟ್ 20, ಪೇಪರ್ ಮಾಡಿದ ದಿನಾಂಕ ಆಗಸ್ಟ್ 24 ಇದ್ದದ್ದನ್ನು ನೋಡಿದ್ದೇನೆ. ಮಾಡುವ ಮೊದಲೇ ರಿವ್ಯೂ! ಚಿಕ್ಕ ತಿದ್ದುಪಡಿ ಅಂತ ಆಮೇಲೆ ತಿಳಿಯಿತು, ಆದರೆ ಪೇಪರ್ ಅದನ್ನು ಹೇಳುತ್ತಿರಲಿಲ್ಲ.

ಎಲ್ಲ ದಿನಾಂಕಗಳೂ ನಿಲ್ಲುವುದು ಆಡಿಟ್ ರಿಪೋರ್ಟ್‌ನ ದಿನಾಂಕದ ಎದುರು. ಫೌಂಡ್ರಿಯ ರಿಪೋರ್ಟ್ 2025ರ ಆಗಸ್ಟ್ 28ರದು. ಕೆಲಸ, ನೋಟ್, ಪಾರ್ಟ್ನರ್ ರಿವ್ಯೂ ಎಲ್ಲ ಆ ದಿನ ಅಥವಾ ಅದಕ್ಕೆ ಮೊದಲು ಮುಗಿಯಬೇಕು. ಸಾಕಷ್ಟು ಸಾಕ್ಷ್ಯ ಸಿಕ್ಕಿದೆ ಅಂತ ಪಾರ್ಟ್ನರ್‌ಗೆ ಖಾತ್ರಿಯಾಗಬೇಕಾದದ್ದು ರಿಪೋರ್ಟ್‌ಗೆ ಸಹಿ ಹಾಕುವ ಹೊತ್ತಿಗೆ. ಅಲ್ಲಿಂದ ಸಾಮಾನ್ಯವಾಗಿ 60 ದಿನ ಸಿಗುತ್ತದೆ, ಈ ಫೈಲಿಗೆ ಅಕ್ಟೋಬರ್ 27ರ ತನಕ. ಈ 60 ದಿನ ಫೈಲ್ ಜೋಡಿಸಲು. ಕ್ರಾಸ್ ರೆಫರೆನ್ಸ್ ಹಾಕಬಹುದು, ಇಂಡೆಕ್ಸ್ ಮಾಡಬಹುದು, ಹಳೆಯ ಕರಡು ತೆಗೆಯಬಹುದು, ರಿಪೋರ್ಟ್‌ಗೆ ಮೊದಲೇ ಸಿಕ್ಕಿ ತಂಡದಲ್ಲಿ ಒಪ್ಪಿಕೊಂಡಿದ್ದ ಸಾಕ್ಷ್ಯವನ್ನು ಬರೆದಿಡಬಹುದು. ಹೊಸದಾಗಿ ಗೇಟ್ ರಿಜಿಸ್ಟರ್ ನೋಡಿ ಹೊಸ ತೀರ್ಮಾನ ಮಾಡುವ ಕೆಲಸಕ್ಕೆ ಈ ದಿನಗಳು ಅಲ್ಲ.

ಫೈಲ್ ಜೋಡಿಸಿ ಮುಗಿದ ಮೇಲೆ ಏನನ್ನೂ ಕಿತ್ತುಹಾಕುವಂತಿಲ್ಲ. ಇಟ್ಟುಕೊಳ್ಳಬೇಕಾದ ಅವಧಿ ರಿಪೋರ್ಟ್ ದಿನಾಂಕದಿಂದ ಕನಿಷ್ಠ 7 ವರ್ಷ, ಇದಕ್ಕೆ 2032ರ ಆಗಸ್ಟ್ ತನಕ. ಏನಾದರೂ ಸೇರಿಸಲೇಬೇಕಾಗಿ ಬಂದರೆ ಯಾಕೆ, ಯಾರು, ಯಾವಾಗ ಸೇರಿಸಿದರು, ಯಾರು ರಿವ್ಯೂ ಮಾಡಿದರು ಅನ್ನುವುದನ್ನು ಅಂದಿನ ದಿನಾಂಕದಲ್ಲೇ ಬರೆಯಬೇಕು. ಹಳೆಯ ದಿನಾಂಕ ಹಾಕಿ ತುರುಕಿದ ಪೇಪರ್, ಬಿಟ್ಟುಹೋದ ಪೇಪರ್‌ಗಿಂತ ಕೆಟ್ಟದ್ದು. ಬಿಟ್ಟದ್ದು ಕೊರತೆ ಅನಿಸಿಕೊಳ್ಳುತ್ತದೆ, ತುರುಕಿದ್ದು ಮೋಸ ಅನಿಸಿಕೊಳ್ಳುತ್ತದೆ. ಲಿಸ್ಟೆಡ್ ಕಂಪನಿಗಳ ಆಡಿಟ್ ನೋಡುವ ಎನ್‌ಎಫ್‌ಆರ್‌ಎ ಇಂಥದ್ದನ್ನು ಕಂಪ್ಯೂಟರ್‌ನ ದಿನಾಂಕ, ಸಮಯ ಹಿಡಿದು ಕೇಳುತ್ತದೆ.

ಇನ್ನು ನಿಮಗೆ ತಪ್ಪು ಅನಿಸಿದ ಆ ನೋಟ್. ತಪ್ಪು ಅನಿಸಿದ ನೋಟ್‌ಗೆ ‘ಡನ್’ ಅನ್ನುವುದೂ ಬೇಡ, ಮುನಿಸಿಕೊಂಡು ಖಾಲಿ ಬಿಡುವುದೂ ಬೇಡ. ನೋಟ್‌ಗೆ ಒಪ್ಪದೆಯೂ ಉತ್ತರ ಕೊಡಬಹುದು. ಉತ್ತರ ಬಾರದಿದ್ದಾಗ ಬದಲಿ ಪರೀಕ್ಷೆ ಮಾಡಲು ಎಸ್‌ಎ 505 ಹೇಳುತ್ತದೆ, ನಂತರ ಬಂದ ಹಣವನ್ನು ನೋಡುವುದು ಅದರಲ್ಲಿ ಒಂದು. ಅಷ್ಟರಮಟ್ಟಿಗೆ ನಿಮ್ಮ ಕಡೆ ನ್ಯಾಯ ಇದೆ.

ಆದರೆ ನಿಮ್ಮ ಪೇಪರ್ ತೆರೆದು ಒಂದು ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಂದ ಆ ಹಣ ಯಾವ ಇನ್‌ವಾಯ್ಸ್‌ಗೆ ಬಂದದ್ದು ಅಂತ ಬರೆದಿದ್ದೀರಾ? ಗ್ರಾಹಕ ಏಪ್ರಿಲ್‌ನಲ್ಲಿ ಕೊಂಡ ಮಾಲಿಗೆ ಮೇನಲ್ಲಿ ದುಡ್ಡು ಕೊಟ್ಟಿದ್ದರೆ ಅದು ಮಾರ್ಚ್ 31ರ ಬಾಕಿಯ ಬಗ್ಗೆ ಏನೂ ಹೇಳುವುದಿಲ್ಲ. ಅವರು ಕಳಿಸಿದ ಪೇಮೆಂಟ್ ವಿವರದಲ್ಲಿ ಇನ್‌ವಾಯ್ಸ್ ನಂಬರ್ ಇರುತ್ತದೆ, ಅದನ್ನು ಮಾರ್ಚ್ 31ರ ಬಾಕಿ ಇನ್‌ವಾಯ್ಸ್ ಪಟ್ಟಿಯ ಜತೆ ಹೊಂದಿಸಿ. ಹಣ ಬಾರದೆ ಉಳಿದ ಇನ್‌ವಾಯ್ಸ್‌ಗೆ ಲಾರಿ ರಸೀದಿ ಮತ್ತು ಗ್ರಾಹಕನ ಕಡೆಯವರು ಮಾಲು ತಗೊಂಡು ಹಾಕಿದ ಸಹಿ ನೋಡಿ. ಇದನ್ನೆಲ್ಲ ಪೇಪರ್‌ನಲ್ಲಿ ಬರೆದ ಮೇಲೆ ನೋಟ್‌ಗೆ ಹೀಗೆ ಉತ್ತರಿಸಿ: “ಮತ್ತೆ ಪತ್ರ ಕಳಿಸಿಲ್ಲ. ಉತ್ತರ ಬಾರದವರ ಮಾರ್ಚ್ 31ರ ಬಾಕಿಯಲ್ಲಿ ಇಷ್ಟು ಮೊತ್ತ ಇನ್‌ವಾಯ್ಸ್‌ವಾರು ವಸೂಲಾಗಿದೆ, ಉಳಿದದ್ದಕ್ಕೆ ರವಾನೆಯ ದಾಖಲೆ ನೋಡಿದೆ, ವಿವರ ಇಂಥ ಪೇಪರ್‌ನಲ್ಲಿ. ಇಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ.”

ಮ್ಯಾನೇಜರ್ ಒಪ್ಪಿದರೆ ಮುಚ್ಚುತ್ತಾರೆ. ಒಪ್ಪದಿದ್ದರೆ ಪತ್ರ ಕಳಿಸಿ, ಕಳಿಸಿದ ದಿನಾಂಕ ಬರೆಯಿರಿ. ಅಲ್ಲಿಗೂ ಬಗೆಹರಿಯದೆ ಇಬ್ಬರ ಅಭಿಪ್ರಾಯವೂ ಬೇರೆಯೇ ಉಳಿದರೆ ಅದು ಪಾರ್ಟ್ನರ್‌ಗೆ ಹೋಗಬೇಕು, ರಿಪೋರ್ಟ್‌ಗೆ ದಿನಾಂಕ ಬೀಳುವ ಮೊದಲು.